ಮೂವತ್ತು ದಿನ ಅಂತ ಬರೆದಿದ್ದೆ, ಐದು ತಿಂಗಳಾಯಿತು

ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ನಾನು ಎಚ್‌ಆರ್. ಒಟ್ಟು 180 ಜನ. 2020ರ ಮಾರ್ಚ್‌ನಲ್ಲಿ ಲ್ಯಾಪ್‌ಟಾಪ್ ಹಿಡಿದು ಮನೆಗೆ ಹೋದವರಲ್ಲಿ ಸುಮಾರು ಅರ್ಧದಷ್ಟು ಮಂದಿ 2023ರ ಜನವರಿಯಲ್ಲೂ ಊರಿನಿಂದಲೇ ಕೆಲಸ ಮಾಡುತ್ತಿದ್ದರು. ಅವರನ್ನು ಆಫೀಸಿಗೆ ಕರೆಯುವ ಮೇಲ್ ಬರೆಯುವುದು ನನ್ನ ಪಾಲಿಗೆ ಬಂತು.

ಮೊದಲ ಕರಡಿನಲ್ಲಿ ಕಾರಣ ಅಂತ 'ತಂಡದ ಒಗ್ಗಟ್ಟು' ಎಂದು ಬರೆದಿದ್ದೆ. ಓದಿದರೆ ನನಗೇ ನಂಬಿಕೆ ಬರಲಿಲ್ಲ. ಮ್ಯಾನೇಜರ್‌ಗಳನ್ನು ಕೂರಿಸಿಕೊಂಡು ಕೇಳಿದಾಗ ನಿಜವಾದ ಕಾರಣ ಹೊರಬಿತ್ತು: ಕಾಲೇಜಿನಿಂದ ನೇರ ಸೇರಿದ ಹುಡುಗ ಹುಡುಗಿಯರು ಒಂದು ಸಣ್ಣ ಅನುಮಾನ ಕೇಳಲೂ ಹಿಂಜರಿದು ಎರಡು ದಿನ ಒದ್ದಾಡುತ್ತಿದ್ದರು. ಅದನ್ನೇ ಬರೆದೆ. ಮನೆಯಲ್ಲಿದ್ದವರು ಕೆಲಸ ಕದ್ದಿಲ್ಲ ಎಂಬುದನ್ನೂ ಸ್ಪಷ್ಟವಾಗಿ ಸೇರಿಸಿದೆ. ಆ ಸಾಲು ಇಲ್ಲದಿದ್ದರೆ ಇಂಥ ಮೇಲನ್ನು ಜನ ಓದುವುದೇ ಆರೋಪ ಅಂತ.

ದಿನಾಂಕದಲ್ಲಿ ಮಾತ್ರ ದೊಡ್ಡ ತಪ್ಪು ಮಾಡಿದ್ದೆ. 'ಮೂವತ್ತು ದಿನದೊಳಗೆ' ಅಂತ ಇತ್ತು. ಕಳಿಸುವ ಮುಂಚೆ ಶಿವಮೊಗ್ಗದಲ್ಲಿದ್ದ ಒಬ್ಬ ಸಹೋದ್ಯೋಗಿಗೆ ತೋರಿಸಿದೆ. "ಮೇಡಂ, ಮಗಳಿಗೆ ಮಾರ್ಚಲ್ಲಿ ಪರೀಕ್ಷೆ. ಫೆಬ್ರವರಿಯಲ್ಲಿ ಯಾವ ಸ್ಕೂಲಿಗೆ ಸೇರಿಸ್ಲಿ?" ಅಂದರು. ಆಮೇಲೆ ಇಬ್ಬರೂ ಫೋನಿನಲ್ಲೇ ಲೆಕ್ಕ ಹಾಕಿದೆವು. ಅಲ್ಲಿನ ಬಾಡಿಗೆ ಮನೆಗೆ 11 ತಿಂಗಳ ಕರಾರು, ಬಿಡಲು ಎರಡು ತಿಂಗಳು ಮುಂಚೆ ಹೇಳಬೇಕು. ಇಲ್ಲಿ 25 ಸಾವಿರ ಬಾಡಿಗೆಯ ಮನೆಗೆ ಆರು ತಿಂಗಳ ಅಡ್ವಾನ್ಸ್ ಅಂದರೂ ಒಂದೂವರೆ ಲಕ್ಷ. ಹಳೇ ಅಡ್ವಾನ್ಸ್ ಕೈಗೆ ಬರುವುದು ಆ ಮನೆ ಖಾಲಿ ಮಾಡಿದ ಮೇಲೆ.

ಹಾಗಾಗಿ ಜನವರಿಯಲ್ಲಿ ಪ್ರಕಟಣೆ, ಬೆಂಗಳೂರಿನಲ್ಲೇ ಇರುವವರಿಗೆ ಮಾರ್ಚ್‌ನಿಂದ ವಾರಕ್ಕೆ ಒಂದು ದಿನ, ಎಲ್ಲರಿಗೂ ಜೂನ್‌ನಿಂದ ಮೂರು ದಿನ ಎಂದು ನಿಗದಿಯಾಯಿತು. ಮನೆ ಅಡ್ವಾನ್ಸಿಗೆ ಬಡ್ಡಿಯಿಲ್ಲದ ಸಾಲ ಕೊಡಲು ಆಡಳಿತದವರನ್ನು ಒಪ್ಪಿಸಿದೆ. ಅದನ್ನು ಸಂಬಳದಲ್ಲಿ ಹತ್ತು ಕಂತಾಗಿ ಹಿಡಿಯುವುದು.

ಉಳಿದ ಸಡಿಲಿಕೆಯನ್ನು 'ಮ್ಯಾನೇಜರ್ ವಿವೇಚನೆಗೆ ಬಿಟ್ಟಿದ್ದು' ಅಂತ ಬರೆಯಲಿಲ್ಲ. ಹಾಗೆ ಬರೆದರೆ ಒಂದು ತಂಡದಲ್ಲಿ ಸಿಕ್ಕಿದ್ದು ಪಕ್ಕದ ತಂಡದಲ್ಲಿ ಸಿಗುವುದಿಲ್ಲ. ಸೋಮವಾರ, ಶುಕ್ರವಾರ ಮನೆಯಿಂದಲೇ ಕೆಲಸ, ಯಾರನ್ನೂ ಕೇಳಬೇಕಿಲ್ಲ. ಟ್ರಾಫಿಕ್ ತಪ್ಪಿಸಿಕೊಳ್ಳಲು ಹನ್ನೊಂದಕ್ಕೆ ಬಂದರೂ ಸರಿ. ಹೆರಿಗೆ ರಜೆ ಮುಗಿಸಿ ಬಂದವರಿಗೆ ಮೊದಲ ಆರು ತಿಂಗಳು ಪೂರ್ತಿ ಮನೆಯಿಂದ. 50 ಅಥವಾ ಹೆಚ್ಚು ಜನರಿರುವ ಸಂಸ್ಥೆಯಲ್ಲಿ ಶಿಶುಪಾಲನಾ ಕೇಂದ್ರದ ಸೌಲಭ್ಯ ಇರಲೇಬೇಕು ಅಂತ ಕಾನೂನಿದೆ. ಅದು ಯಾವ ಮಹಡಿಯಲ್ಲಿದೆ ಅಂತಲೂ ಮೇಲ್‌ನಲ್ಲೇ ತಿಳಿಸಿದೆ.

ಒಂದನ್ನು ಮಾತ್ರ ನಾನು ಗಮನಿಸಿರಲಿಲ್ಲ. ಆಫೀಸಿನಲ್ಲಿದ್ದದ್ದು 120 ಕುರ್ಚಿ. ಜೂನ್‌ನ ಮೊದಲ ಬುಧವಾರ ಕೆಲವರು ಕ್ಯಾಂಟೀನ್ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದರು. ಮುಂದಿನ ವಾರವೇ ತಂಡಗಳನ್ನು ಮೂರು ಗುಂಪು ಮಾಡಿ, ಯಾವ ದಿನವೂ ಎರಡಕ್ಕಿಂತ ಹೆಚ್ಚು ಗುಂಪು ಬರದ ಹಾಗೆ ದಿನ ಹಂಚಿದೆ. ಅದರಿಂದ ಮೂರು ದಿನ ಇದ್ದದ್ದು ಎರಡಕ್ಕೆ ಇಳಿಯಿತು.