ವರ್ಕ್‌ಮೆನ್ ಪಾಲಿಸಿ: ಪಟ್ಟಿಯಲ್ಲಿ ಯಾರು, ಪಗಾರ ಎಷ್ಟು

ತಾರಿಹಾಳದಲ್ಲಿ ನನ್ನದೊಂದು ಸಣ್ಣ ಫ್ಯಾಬ್ರಿಕೇಶನ್ ಶೆಡ್. ಟ್ರ್ಯಾಕ್ಟರ್ ಟ್ರೇಲರ್ ಮಾಡುತ್ತೇವೆ. ಇಬ್ಬರು ವೆಲ್ಡರ್, ಒಬ್ಬ ಪ್ರೆಸ್ ಆಪರೇಟರ್, ಇಬ್ಬರು ಹೆಲ್ಪರ್, ಲೆಕ್ಕ ಬರೆಯುವ ಒಬ್ಬರು. ಇವರಲ್ಲದೆ ಪೇಂಟಿಂಗ್ ಗುತ್ತಿಗೆದಾರ ಕರೆತರುವ ಒಬ್ಬ ಹುಡುಗ, ಕಬ್ಬಿಣ ಇಳಿಸುವ ದಿನ ಬರುವ ಇಬ್ಬರು ಹಮಾಲರು. ಎಲ್ಲರೂ ಕೂಡಿದರೂ ಹತ್ತಾಗುವುದಿಲ್ಲವಾದ್ದರಿಂದ ನಾವು ಇಎಸ್‌ಐಗೆ ಬರುವುದಿಲ್ಲ. ಯಾರಿಗಾದರೂ ಪೆಟ್ಟಾದರೆ ಪರಿಹಾರದ ಹೊಣೆ ನೇರ ನನ್ನ ಮೇಲೆ. ಆ ಹೊಣೆಯನ್ನು ವಿಮೆ ಕಂಪನಿ ಹೊರಲಿ ಅಂತಲೇ ಈ ವರ್ಕ್‌ಮೆನ್ ಪಾಲಿಸಿ.

ಏಜೆಂಟರು ತಂದ ಫಾರ್ಮಿನಲ್ಲಿ ಐದೇ ಮಂದಿ ಇದ್ದರು, ತಲೆಗೆ ಒಂಬತ್ತು ಸಾವಿರ ಪಗಾರ. "ಸಾಹುಕಾರ್ರ, ಕಡಿಮಿ ಬರದ್ರ ಪ್ರೀಮಿಯಂ ಕಡಿಮಿ ಬರ್ತೈತಿ, ಎಲ್ಲಾರೂ ಹಿಂಗ ಮಾಡ್ತಾರ" ಅಂದರು. ನಾನು ಹಾಜರಿ ಪುಸ್ತಕ ತೆಗೆದು ಬೇರೆ ಪಟ್ಟಿ ಮಾಡಿದೆ.

ಮೊದಲು ಯಾರು ನೌಕರರು ಅನ್ನುವುದು. 1923ರ ಪರಿಹಾರ ಕಾಯ್ದೆಯಲ್ಲಿ ದಿನಗೂಲಿಯವನನ್ನು 'ಆಗೊಮ್ಮೆ ಈಗೊಮ್ಮೆ ಬರುವವ' ಎಂದು ಹೊರಗಿಡುವ ದಾರಿ 2000ದ ತಿದ್ದುಪಡಿಯಲ್ಲೇ ಮುಚ್ಚಿತು. ಲೆಕ್ಕ ಬರೆಯುವವರೂ ಒಳಗೇ. ಅವರನ್ನು ವೆಲ್ಡರ್ ಜೊತೆ ಸೇರಿಸದೆ ಬೇರೆ ವರ್ಗದಲ್ಲಿ ತೋರಿಸಿದೆ, ಏಕೆಂದರೆ ಅಪಾಯ ಕಡಿಮೆಯಾದ ಕೆಲಸಕ್ಕೆ ದರವೂ ಕಡಿಮೆ. ಮಾಲೀಕನಾದ ನಾನು ನೌಕರನಲ್ಲ, ನನಗೆ ಬೇರೆ ಅಪಘಾತ ವಿಮೆ ಇದೆ.

ತಲೆ ಕೆಡಿಸುವುದು ಗುತ್ತಿಗೆಯವರ ವಿಷಯ. ಕಾಯ್ದೆಯ 12ನೇ ಕಲಂ ಪ್ರಕಾರ, ನನ್ನ ಧಂದೆಯ ಭಾಗವೇ ಆದ ಕೆಲಸವನ್ನು ನನ್ನ ಜಾಗದಲ್ಲಿ ಗುತ್ತಿಗೆ ಕೊಟ್ಟು ಮಾಡಿಸಿದರೆ, ಆ ಗುತ್ತಿಗೆದಾರನ ಆಳಿಗೂ ಮೊದಲು ನಾನೇ ಪರಿಹಾರ ಕೊಡಬೇಕಾಗಬಹುದು, ಆಮೇಲೆ ಗುತ್ತಿಗೆದಾರನಿಂದ ವಸೂಲಿ. ಟ್ರೇಲರಿಗೆ ಬಣ್ಣ ಹೊಡೆಯುವುದು ನನ್ನ ಧಂದೆ, ಕಬ್ಬಿಣ ಇಳಿಸುವುದೂ ನನ್ನ ಧಂದೆ. ಶೆಡ್ಡಿನ ಚಾವಣಿ ತಗಡು ಬದಲಿಸುವುದು ಹಾಗಲ್ಲ. ಆ ಕೆಲಸಕ್ಕೆ ಬರುವವರ ಹತ್ತಿರ ಅವರದೇ ಪಾಲಿಸಿಯ ಪ್ರತಿ ಕೇಳುತ್ತೇನೆ. ಗುತ್ತಿಗೆಯವರ ಆಳುಗಳು ತಾವಾಗಿ ಪಾಲಿಸಿಯೊಳಗೆ ಬರುವುದಿಲ್ಲ, ಬೇರೆ ಸಾಲಿನಲ್ಲಿ ತೋರಿಸಿ ಸೇರಿಸಬೇಕು. ಪೇಂಟಿಂಗ್ ಹುಡುಗನಿಗೂ ಹಮಾಲರಿಗೂ ವರ್ಷದಲ್ಲಿ ಹೋಗುವ ಕೂಲಿಯನ್ನು ವೋಚರ್ ನೋಡಿ ಅಂದಾಜು ಮಾಡಿ ಹಾಕಿದೆ. ಆಸ್ಪತ್ರೆ ಖರ್ಚಿನ ಹೆಚ್ಚುವರಿ ರಕ್ಷಣೆಯನ್ನೂ ಕೇಳಿ ತೆಗೆದುಕೊಂಡೆ. ಕಾಯ್ದೆ ಅದನ್ನೂ ಮಾಲೀಕನ ಮೇಲೇ ಹಾಕುತ್ತದೆ.

ಇನ್ನು ಪಗಾರ. ಮೂಲ ಪಗಾರದ ಮೇಲೆ ಓವರ್‌ಟೈಮ್, ಹಾಜರಿ ಬೋನಸ್, ಹಣದಲ್ಲಿ ಬೆಲೆ ಕಟ್ಟಬಹುದಾದ ಸೌಲಭ್ಯ ಎಲ್ಲ ಕೂಡಿಸಿದೆ. ಪ್ರಯಾಣ ಭತ್ಯೆ, ನಾನು ಕಟ್ಟುವ ಪಿಎಫ್ ಪಾಲು ಬಿಟ್ಟೆ. ಹಿಂದಿನ ಹನ್ನೆರಡು ತಿಂಗಳ ಮೊತ್ತವನ್ನು ಹನ್ನೆರಡರಿಂದ ಭಾಗಿಸಿದರೆ ಬರುವುದೇ ತಿಂಗಳ ಪಗಾರ. ಪ್ರೆಸ್ ಆಪರೇಟರನದು ಹೀಗೆ 16,400 ಆಯಿತು. "ಕಾನೂನಿನ ಮಿತಿ ಹದಿನೈದು ಸಾವಿರ ಐತಲ್ರಿ" ಅಂದರು ಏಜೆಂಟರು. ನಿಜ, 2020ರ ಜನವರಿ 3ರ ಅಧಿಸೂಚನೆ ಪರಿಹಾರ ಲೆಕ್ಕ ಹಾಕಲು 15,000 ಮಿತಿ ಇಟ್ಟಿದೆ. ಆದರೆ ನನ್ನ ಪಾಲಿಸಿಯ ಷರತ್ತಿನಲ್ಲಿ ಪ್ರೀಮಿಯಂ ನಿಂತಿರುವುದು ವರ್ಷದಲ್ಲಿ ನಿಜವಾಗಿ ಕೊಟ್ಟ ಪಗಾರದ ಮೇಲೆ. ಪೂರ್ತಿ ಬರೆದೆ.

ಅದರ ಬೆಲೆ ತಿಳಿದದ್ದು ಆಪರೇಟರನ ತೋರುಬೆರಳು ಪ್ರೆಸ್ಸಿನಲ್ಲಿ ಸಿಕ್ಕಾಗ. ಎರಡು ಗೆಣ್ಣು ಹೋಯಿತು, ಕಾಯ್ದೆಯಲ್ಲಿರುವ ಗಾಯಗಳ ಪಟ್ಟಿಯ ಪ್ರಕಾರ ದುಡಿಯುವ ಶಕ್ತಿಯಲ್ಲಿ 11 ಶೇಕಡಾ ನಷ್ಟ. ವಯಸ್ಸು 25, ಅದಕ್ಕೆ ಕಾಯ್ದೆಯ ಗುಣಕ 216.91. ಮಿತಿಯ 15,000ದ 60 ಶೇಕಡಾ ಅಂದರೆ 9,000. ಅದನ್ನು ಗುಣಕದಿಂದ ಗುಣಿಸಿ 11 ಶೇಕಡಾ ತೆಗೆದರೆ ಸುಮಾರು 2,14,741 ರೂಪಾಯಿ. ವಿಮೆಯವರು ಕಳಿಸಿದ ತನಿಖಾಧಿಕಾರಿ ಮೊದಲು ಕೇಳಿದ್ದು ಬೆರಳಿನ ಫೋಟೋ ಅಲ್ಲ, ಹನ್ನೆರಡು ತಿಂಗಳ ಪಗಾರ ಪುಸ್ತಕ. ಬರೆದದ್ದಕ್ಕೂ ಕೊಟ್ಟದ್ದಕ್ಕೂ ತಾಳೆಯಾಯಿತು. ಏಜೆಂಟರ ಫಾರ್ಮಿನಲ್ಲಿದ್ದ ಒಂಬತ್ತು ಸಾವಿರ ಪಗಾರದ ಲೆಕ್ಕದಲ್ಲಿ ಇದೇ ಬೆರಳಿಗೆ ಬರುತ್ತಿದ್ದದ್ದು ಸುಮಾರು 1,28,845. ಕೆಲಸಗಾರನ ಹಕ್ಕು ಅದರಿಂದ ಕಡಿಮೆಯಾಗುವುದಿಲ್ಲ. ಸುಳ್ಳು ಘೋಷಣೆ ಎಂದು ವಿಮೆಯವರು ಕಡಿತ ಮಾಡಿದರೆ ಉಳಿದದ್ದು ಮಾಲೀಕನ ಕಿಸೆಯಿಂದ. ತಡವಾದರೆ 12 ಶೇಕಡಾ ಬಡ್ಡಿ ಬೇರೆ, ಜೊತೆಗೆ ದಂಡ. ದಂಡವನ್ನು ಪಾಲಿಸಿ ಹೊರುವುದಿಲ್ಲ.

ಇದೆಲ್ಲ ಹಳೆಯ ಕಾಯ್ದೆಯ ಕಾಲದ್ದು. 2025ರ ನವೆಂಬರ್ 21ರಿಂದ ಈ ವಿಷಯ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ, ಅಲ್ಲಿ ಪಗಾರದ ವ್ಯಾಖ್ಯೆಯೂ ಬೇರೆ. ಹಾಗಾಗಿ ನವೀಕರಣ ಮಾಡುವಾಗ ಪಾಲಿಸಿಯಲ್ಲಿ ಯಾವ ಕಾನೂನಿನ ಹೆಸರಿದೆ ಎಂದು ಓದಿ ಸಹಿ ಹಾಕುವುದು ಒಳ್ಳೆಯದು. ಅವಧಿ ಮುಗಿದ ಒಂದು ತಿಂಗಳೊಳಗೆ ನಿಜವಾಗಿ ಕೊಟ್ಟ ಒಟ್ಟು ಪಗಾರದ ಹೇಳಿಕೆಯನ್ನು ನಾನೇ ಕಳಿಸುತ್ತೇನೆ. ಹೆಚ್ಚಾಗಿದ್ದರೆ ಬಾಕಿ ಪ್ರೀಮಿಯಂ ಕಟ್ಟುತ್ತೇನೆ. ಓವರ್‌ಟೈಮ್ ಜಾಸ್ತಿಯಾದ ವರ್ಷ ಹಾಗೆ ಕಟ್ಟಿದ್ದೂ ಇದೆ.