ಹಿಟ್ ಪಾಯಿಂಟ್ ‘ದಮ್ಮು’ ಆದ ಕತೆ

ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತಾ ಕತೆ ಕಟ್ಟುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟವನ್ನು ಪೂರ್ತಿ ಕನ್ನಡದಲ್ಲಿ ಆಡಿಸುತ್ತೇನೆ ಅಂದಾಗ ನಮ್ಮ ಹಳೇ ಗುಂಪಿನವರು ನಕ್ಕಿದ್ದರು. “ಮಾತು ಕನ್ನಡದಲ್ಲೇ ಆಡು, ಪದಗಳನ್ನ ಮಾತ್ರ ಮುಟ್ಟಬೇಡ ಮಾರಾಯ” ಅಂದರು. ನಾನು ಮುಟ್ಟಿದೆ. ಎರಡು ಸಲ ಕೈ ಸುಟ್ಟುಕೊಂಡೆ, ಮೂರನೇ ಸಲ ದಾರಿಗೆ ಬಂತು. ಈಗ ನನ್ನ ಕ್ಯಾಂಪೇನ್ ಪುಸ್ತಕ, ಅಂದರೆ ಸಾಹಸದ ಕತೆ ಬರೆದ ಪುಸ್ತಕ, ಹಿಡಿದು ಅಣ್ಣ, ಅತ್ತಿಗೆ, ಅವರ ಇಬ್ಬರು ಮಕ್ಕಳು ಹನ್ನೆರಡೋ ಹದಿಮೂರೋ ಭಾನುವಾರ ಆಡಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಐದನೇ ಆವೃತ್ತಿಯ ಮೂಲ ನಿಯಮಗಳ ದಾಖಲೆಯನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಅನ್ನುವ ಮುಕ್ತ ಪರವಾನಗಿಯ ಅಡಿಯಲ್ಲಿ ಬಿಟ್ಟರಲ್ಲ, ಅಲ್ಲಿಂದ ನನಗೆ ಧೈರ್ಯ ಬಂತು. ಎಲ್ಲಿಂದ ತೆಗೆದದ್ದು ಅಂತ ಹೇಳಿದರೆ ಸಾಕು, ಅನುವಾದ ಮಾಡಬಹುದು, ಅಚ್ಚು ಹಾಕಬಹುದು. ಸಾಹಸದ ಕತೆ ನನ್ನದೇ. ಒಂದು ಕಾಡು, ಒಂದು ಸೇತುವೆ, ಸೇತುವೆ ಮೇಲೆ ಸುಂಕ ಕೇಳುವ ಓಗರ್ ಅನ್ನುವ ಒಬ್ಬ ದೈತ್ಯ. ನಲವತ್ತು ಚಿಲ್ಲರೆ ಪುಟ. ಅದರಲ್ಲಿ ನನ್ನ ಜೀವ ತಿಂದದ್ದು ಮೊದಲ ನಾಲ್ಕೇ ಪುಟ, ‘ಪದಗಳ ಅರ್ಥ’.

ಪಾತ್ರ ಎಷ್ಟು ಹಾನಿ ತಡೆದು ನಿಲ್ಲಬಲ್ಲದು ಅನ್ನುವ ಲೆಕ್ಕವೇ ಹಿಟ್ ಪಾಯಿಂಟ್. ಮೊದಲನೇ ಕರಡಿನಲ್ಲಿ ಅದನ್ನು ‘ಹೊಡೆತದ ಅಂಕ’ ಅಂತ ಬರೆದಿದ್ದೆ. ಅಣ್ಣನ ಮಗ ಗಾಬ್ಲಿನ್ ಅನ್ನುವ ಕುಳ್ಳ ರಾಕ್ಷಸನಿಗೆ ಬಾಣ ಬಿಟ್ಟ, ತಗುಲಿತು, ಏಳು ಹಾನಿ. ಹುಡುಗ ಖುಷಿಯಿಂದ ತನ್ನ ಹಾಳೆಯಲ್ಲಿ ಏಳು ಕೂಡಿಸಿಕೊಂಡ! ಹೊಡೆದರೆ ಅಂಕ ಬರುತ್ತದೆ ಅಂತ ಅವನ ಲೆಕ್ಕ. ತಪ್ಪು ಅವನದಲ್ಲ, ನನ್ನದು.

ಆಮೇಲೆ ‘ಜೀವಾಂಶ’ ಅಂದೆ. ಇದು ಇನ್ನೂ ಕೆಟ್ಟದಾಯಿತು. ಅತ್ತಿಗೆ ಆಡುತ್ತಿದ್ದ ಫೈಟರ್ ಪಾತ್ರಕ್ಕೆ ಹನ್ನೆರಡಿತ್ತು. ಎರಡು ಏಟಿಗೆ ಮೂರಕ್ಕೆ ಇಳಿಯಿತು. ಅವರು ಕತ್ತಿ ಕೆಳಗಿಟ್ಟು ಕುಂಟುತ್ತಾ ನಡೆಯುವ ಹಾಗೆ ಆಡತೊಡಗಿದರು. “ನನಗೆ ಮುಕ್ಕಾಲು ಜೀವ ಹೋಗಿದೆ ಕಣೋ, ಇನ್ನು ಹೇಗೆ ಹೋರಾಡ್ಲಿ?” ಅಂದರು. ನಿಯಮದಲ್ಲಿ ಹಾಗಿಲ್ಲ. ಮೂರು ಉಳಿದವನೂ ಹನ್ನೆರಡು ಉಳಿದವನೂ ಒಂದೇ ಜೋರಿನಲ್ಲಿ ಹೊಡೆಯುತ್ತಾರೆ. ರಾತ್ರಿ ಎಂಟು ಗಂಟೆ ಕಾಲ ವಿಶ್ರಾಂತಿ ತೆಗೆದುಕೊಂಡರೆ ಹನ್ನೆರಡೂ ವಾಪಸ್ ಬರುತ್ತದೆ. “ಒಂದು ನಿದ್ದೆಗೆ ಮುಕ್ಕಾಲು ಜೀವ ಬರುತ್ತಾ?” ಅಂತ ಅಣ್ಣ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ಹಳೇ ಪುಸ್ತಕದಲ್ಲೇ ಇತ್ತು. ಈ ಹಿಟ್ ಪಾಯಿಂಟ್ ಹುಟ್ಟಿದ್ದು ಹಡಗಿನಿಂದ. ಅಮೆರಿಕದ ಅಂತರ್ಯುದ್ಧದ ಹಡಗುಗಳ ಆಟಕ್ಕೆ ಮಾಡಿಕೊಂಡಿದ್ದ ನಿಯಮಗಳಿಂದ ಅದನ್ನು ತಂದೆ ಅಂತ ಈ ಆಟ ಹುಟ್ಟುಹಾಕಿದ ಇಬ್ಬರಲ್ಲಿ ಒಬ್ಬರಾದ ಡೇವ್ ಅರ್ನೆಸನ್ ಅವರೇ ಹೇಳಿಕೊಂಡಿದ್ದಾರೆ. ಹಡಗು ಇಷ್ಟು ಗುಂಡು ತಡೆದು ಮುಳುಗುತ್ತದೆ, ಅದೇ ಲೆಕ್ಕ ಮನುಷ್ಯನಿಗೆ ಬಂತು. ಆದರೆ ಮನುಷ್ಯ ಹಡಗಲ್ಲ ಅಲ್ವಾ? ಹಾಗಾಗಿ ಆಟ ನಡೆಸುವವರಿಗಾಗಿ ಬಂದ 1979ರ ಡಂಜನ್ ಮಾಸ್ಟರ್ ಕೈಪಿಡಿಯಲ್ಲಿ ಇನ್ನೊಬ್ಬರಾದ ಗ್ಯಾರಿ ಗೈಗ್ಯಾಕ್ಸ್ ಇದು ಬರೀ ಮೈಗಾಯದ ಲೆಕ್ಕವಲ್ಲ, ಇದರಲ್ಲಿ ಚಾಕಚಕ್ಯತೆ ಇದೆ, ಅದೃಷ್ಟ ಇದೆ ಅಂತ ಬಿಡಿಸಿ ಹೇಳಬೇಕಾಯಿತು.

ಅದನ್ನು ಓದಿ ಎರಡು ದಿನ ತಲೆ ಕೆಡಿಸಿಕೊಂಡೆ. ಮೂರನೇ ದಿನ ಬೀದಿಯಲ್ಲಿ ಹುಡುಗರು ಕಬಡ್ಡಿ ಆಡುತ್ತಿದ್ದರು. ಒಬ್ಬ ಕೂಗಿದ, “ಅವನಿಗೆ ದಮ್ಮಿಲ್ಲ, ಹಿಡಿಯೋ!” ಅಲ್ಲಿಗೆ ಮುಗೀತು.

ದಮ್ಮು. ಉಸಿರೂ ಹೌದು, ತಾಕತ್ತೂ ಹೌದು, ಎದೆಗಾರಿಕೆಯೂ ಹೌದು. ನಿದ್ದೆ ಮಾಡಿದರೆ ವಾಪಸ್ ಬರುವಂಥದ್ದು. ಅದೇ ಜಗಳವನ್ನು ಮತ್ತೆ ಆಡಿಸಿದೆ. ಅತ್ತಿಗೆಗೆ ಹನ್ನೆರಡು ದಮ್ಮು. ಗಾಬ್ಲಿನ್‌ನ ಮೊದಲ ಏಟು ಐದು: ಗುರಾಣಿಗೆ ಬಿತ್ತು, ತೋಳು ಜೋಮು ಹಿಡಿಯಿತು. ಎರಡನೇ ಏಟು ನಾಲ್ಕು: ತಪ್ಪಿಸಿಕೊಳ್ಳಲು ಹೋಗಿ ಕಾಲು ಜಾರಿತು, ಏದುಸಿರು. ಉಳಿದದ್ದು ಮೂರು, ಆದರೂ ಅವರು ಜೋರಾಗಿಯೇ ಹೊಡೆದರು. ಮೂರನೇ ಏಟು ಆರು. ದಮ್ಮು ಸೊನ್ನೆ. ಈಗ ಮಾತ್ರ ಕತ್ತಿ ಮೈಗೆ ನಾಟಿತು, ಅತ್ತಿಗೆ ಬಿದ್ದರು. ಅಲ್ಲಿಂದ ಸಾವಿನ ದಾಳ: ಇಪ್ಪತ್ತು ಮುಖದ್ದು ಉರುಳಿಸಬೇಕು, ಹತ್ತು ಅಥವಾ ಮೇಲೆ ಬಿದ್ದರೆ ಒಂದು ಗೆಲುವು, ಕೆಳಗಾದರೆ ಒಂದು ಸೋಲು, ಯಾವುದು ಮೊದಲು ಮೂರಾಗುತ್ತದೋ ಅದೇ ತೀರ್ಪು. ಮನೆಯಲ್ಲಿ ಯಾರೂ ಮಾತಾಡಲಿಲ್ಲ. ‘ಜೀವಾಂಶ’ ಇದ್ದಾಗ ಈ ನಿಶ್ಶಬ್ದ ಬಂದಿರಲೇ ಇಲ್ಲ.

ಎಲ್ಲ ಕಡೆ ಈ ಪದ ಕೂರುತ್ತದೆ ಅಂತಲ್ಲ. ಹಾವು ಕಚ್ಚಿ ವಿಷ ಏರಿದರೆ ಹಲ್ಲು ಮೈಗೆ ತಾಗಲೇಬೇಕು. ಬೀಳುವ ನಿಯಮದಲ್ಲಂತೂ ಪೂರ್ತಿ ಸೋಲು. ಹತ್ತಡಿಗೆ ಆರು ಮುಖದ ಒಂದು ದಾಳ ಹಾನಿ, ಅಂದರೆ ನೂರಡಿ ಬಂಡೆಯಿಂದ ಬಿದ್ದರೆ ಸರಾಸರಿ ಮೂವತ್ತೈದು. ಹತ್ತನೇ ಹಂತದ ಫೈಟರ್‌ಗೆ ಸಾಮಾನ್ಯವಾಗಿ ಎಂಬತ್ತರ ಮೇಲಿರುತ್ತದೆ, ಎದ್ದು ಮಣ್ಣು ಕೊಡವಿಕೊಂಡು ಹೋಗುತ್ತಾನೆ. ಇದಕ್ಕೆ ನಾನೊಂದು ಸಣ್ಣ ಉಪಾಯ ಮಾಡಿಕೊಂಡಿದ್ದೇನೆ. ಅದನ್ನು ಇಲ್ಲಿ ಹೇಳುವುದಿಲ್ಲ, ಪುಸ್ತಕದಲ್ಲಿರಲಿ.

ಪಾತ್ರದ ನೀತಿ ಎಂಥದ್ದು ಅಂತ ಹೇಳುವ ಅಲೈನ್‌ಮೆಂಟ್ ಪದಕ್ಕೆ ದುಡ್ಡೇ ಹೋಯಿತು. ಮೊದಲು ‘ಹೊಂದಾಣಿಕೆ’ ಅಂದಿದ್ದೆ. “ಏನು, ಜಾತಕದ್ದಾ?” ಅಂತ ಅತ್ತಿಗೆ ಕೇಳಿದರು. ಆಮೇಲೆ ‘ನಡೆ’ ಅಂತ ಮಾಡಿ, ಗಟ್ಟಿ ಧೈರ್ಯದಲ್ಲಿ ಮೂವತ್ತು ಪ್ರತಿ ಅಚ್ಚು ಹಾಕಿಸಿದೆ. ಹತ್ತಿರ ಹತ್ತಿರ ಐದು ಸಾವಿರ. ನಡೆ-ನುಡಿಯ ನಡೆ, ಚೆನ್ನಾಗಿದೆ ಅನಿಸಿತ್ತು. ಆಟಕ್ಕೆ ಕೂತ ಹತ್ತು ನಿಮಿಷಕ್ಕೆ ಗೊತ್ತಾಯಿತು, ಚೌಕಗಳ ಮೇಲೆ ಮೂವತ್ತಡಿ ಸರಿಯುವುದಕ್ಕೂ ನಾನು ‘ನಡೆ’ ಅಂತಲೇ ಬರೆದಿದ್ದೆ. “ನಿನ್ನ ನಡೆ ಏನು?” ಅಂದರೆ ಒಬ್ಬರು ಕಾಯಿ ಸರಿಸುತ್ತಾರೆ, ಇನ್ನೊಬ್ಬರು “ಒಳ್ಳೇದು” ಅನ್ನುತ್ತಾರೆ. ಆ ಮೂವತ್ತು ಪ್ರತಿಗಳು ಈಗಲೂ ಅಟ್ಟದ ಮೇಲಿವೆ.

ಪದಕ್ಕಿಂತ ದೊಡ್ಡ ತೊಡಕು ಧರ್ಮ. ನಾನು ಕಟ್ಟಳೆಯ ಲಾಫುಲ್‌ಗೂ ಒಳಿತಿನ ಗುಡ್‌ಗೂ ಸುತ್ತಿ ಬಳಸಿ ‘ಧರ್ಮ’ಕ್ಕೇ ಬರುತ್ತಿದ್ದೆ. ನಮ್ಮಲ್ಲಿ ಕಟ್ಟಳೆ ಪಾಲಿಸುವವನೂ ಧರ್ಮಿಷ್ಠ, ದಯೆ ತೋರುವವನೂ ಧರ್ಮಿಷ್ಠ. ಆಟ ಕೇಳುವುದು ಇವೆರಡನ್ನು ಬೇರೆ ಬೇರೆಯಾಗಿ. 1974ರ ಮೊದಲ ಪೆಟ್ಟಿಗೆಯಲ್ಲಿ ಕಟ್ಟಳೆ, ನಡುವೆ, ಗೊಂದಲ ಅಂತ ಮೂರೇ ಇತ್ತು. ಒಳಿತು ಕೆಡುಕು ಆಮೇಲೆ ಸೇರಿ ಒಂಬತ್ತು ಮನೆಯಾಯಿತು.

ಕೊನೆಗೆ ‘ನಿಲುವು’ ಅಂತ ಹೆಸರಿಟ್ಟು, ಕೆಳಗೆ ಎರಡು ಪ್ರಶ್ನೆ ಬರೆದೆ. ಕೊಟ್ಟ ಮಾತು, ಊರ ಕಟ್ಟಳೆ ಇವನನ್ನು ಕಟ್ಟಿಹಾಕುತ್ತದಾ? ಗುರುತಿಲ್ಲದವನಿಗಾಗಿ ಇವನು ನಷ್ಟ ಮಾಡಿಕೊಳ್ಳುತ್ತಾನಾ? ಎರಡಕ್ಕೂ ಹೌದು, ಇಲ್ಲ, ಸಂದರ್ಭ ನೋಡಿ. ಮೂರು ಮೂರಲೆ ಒಂಬತ್ತು. ಪರೀಕ್ಷೆಗೆ ಸುಮ್ನೆ ಹರಿಶ್ಚಂದ್ರನನ್ನು ಕೊಟ್ಟೆ. ಮೊದಲ ಪ್ರಶ್ನೆಗೆ ಎಲ್ಲರೂ ಹೌದು. ಎರಡನೆಯದಕ್ಕೆ ಅತ್ತಿಗೆ “ಹೆಂಡತಿ ಮಗನನ್ನು ಮಾರಿದವನು ಒಳ್ಳೆಯವನಾ?” ಅಂತ ಶುರು ಮಾಡಿದರು. ಅರ್ಧ ಗಂಟೆ ಆಟ ನಿಂತಿತು. ಎರಡು ಗೆರೆ ಬೇರೆಯಾದದ್ದು ಗೊತ್ತಾಗಲು ಅಷ್ಟು ಸಾಕಾಯಿತು.

ಸೇತುವೆಯ ಓಗರ್ ವಿಚಾರದಲ್ಲೂ ಇದೇ ಕೆಲಸಕ್ಕೆ ಬಂತು. ನಿಯಮದಲ್ಲಿ ಅವನು ಕೇಯಾಟಿಕ್ ಈವಿಲ್, ಅಂದರೆ ಎರಡು ಪ್ರಶ್ನೆಗೂ ಇಲ್ಲ. ಸುಂಕ ಕೊಟ್ಟರೂ ಬಿಡುತ್ತಾನೆ ಅನ್ನುವ ಖಾತ್ರಿ ಇಲ್ಲ ಅಂತ ಅಣ್ಣನ ಮಗಳು ನಿಲುವು ಓದಿಯೇ ಹೇಳಿದಳು. ಐವತ್ತೊಂಬತ್ತು ದಮ್ಮಿನವನ ಎದುರು ನಿಲ್ಲದೆ, ಹೊಳೆ ಸುತ್ತಿಕೊಂಡು ಹೋದರು. ನಾನು ಬರೆದ ಆರು ಪುಟದ ಜಗಳ ನೀರಿಗೆ ಹೋಯಿತು.

ಆಟ ನಡೆಸುವವನಿಗೆ ಅನ್ನುವ ಗೇಮ್ ಮಾಸ್ಟರ್ ಪದ ಮಾತ್ರ ಹಾಗೇ ಬಿಟ್ಟೆ. ‘ಯಜಮಾನ’ ಅಂದಾಗ ಮಕ್ಕಳು ಪ್ರತಿಯೊಂದಕ್ಕೂ ಅಪ್ಪಣೆ ಕೇಳಿದರು. ‘ಸೂತ್ರಧಾರ’ ಅಂದಾಗ ದಾರ ನನ್ನ ಕೈಯಲ್ಲೇ ಇದೆ ಅಂದುಕೊಂಡು ಸುಮ್ಮನೆ ಕೂತರು. ನಾನು ಸಾಗರದ ಕಡೆಯವನು, ‘ಭಾಗವತರು’ ಅನ್ನುವ ಆಸೆ ಬಹಳ ಇತ್ತು. ತಾಳಮದ್ದಲೆಯಲ್ಲಿ ಭಾಗವತರು ಪದ ಹಾಡಿ ಸಂದರ್ಭ ಕೊಡುತ್ತಾರೆ, ಅರ್ಥಧಾರಿ ಮಾತನ್ನು ಅಲ್ಲೇ ಕಟ್ಟುತ್ತಾನೆ. ನಮ್ಮ ಆಟವೂ ಹಾಗೇ. ಆದರೆ ಪ್ರಸಂಗದಲ್ಲಿ ಕೊನೆ ಮೊದಲೇ ಗೊತ್ತು, ಇಲ್ಲಿ ದಾಳ ಬೀಳುವ ತನಕ ನನಗೂ ಗೊತ್ತಿಲ್ಲ. ಹಾಗಾಗಿ ಪದ ಇಂಗ್ಲಿಷಿನದೇ, ವಿವರಣೆಯಲ್ಲಿ ಭಾಗವತರು.

ಈಗಿನ ಪ್ರತಿ ಜೆರಾಕ್ಸ್, ಸ್ಪೈರಲ್ ಬೈಂಡಿಂಗ್, ಒಂದಕ್ಕೆ ನೂರರ ಆಸುಪಾಸು. ನಕ್ಕಿದ್ದ ಹಳೇ ಗುಂಪಿನವರು ಕಳೆದ ತಿಂಗಳು ನಾಲ್ಕು ಕೇಳಿದರು. ಕೊಟ್ಟೆ, ದುಡ್ಡು ತಗೊಂಡೇ ಕೊಟ್ಟೆ. ಅಪಾಯದಿಂದ ಪಾರಾಗಲು ಉರುಳಿಸುವ ಸೇವಿಂಗ್ ಥ್ರೋಗೆ ಏನನ್ನಬೇಕು ಅನ್ನುವುದು ಇನ್ನೂ ಬಗೆಹರಿದಿಲ್ಲ. ಸದ್ಯ ‘ಪಾರು ದಾಳ’ ಅಂತಿದೆ. ಪಾರು ಅನ್ನುವ ಹೆಸರಿನ ಪಾತ್ರವನ್ನೇ ಅಣ್ಣನ ಮಗಳು ಆಡುತ್ತಿದ್ದಾಳೆ.