ರೋಆಸ್ ಏರಿದಷ್ಟೂ ನಷ್ಟ ಏರಿತು: ನಾನು ಲೆಕ್ಕ ತಿರುಗಿಸಿದ ಬಗೆ

ನಮ್ಮದು ಹೆಡ್‌ಫೋನ್ ಮತ್ತು ಅದರ ಬಿಡಿಭಾಗಗಳನ್ನು ಆನ್‌ಲೈನ್‌ನಲ್ಲಿ ಮಾರುವ ಅಂಗಡಿ. ಜಾಹೀರಾತಿನ ಖಾತೆ ನೋಡಿಕೊಳ್ಳುವುದು ನಾನು, ಹಣಕಾಸು ನೋಡಿಕೊಳ್ಳುವುದು ನನ್ನ ಪಾಲುದಾರ. ಒಂದು ತಿಂಗಳು ರೋಆಸ್, ಅಂದರೆ ಜಾಹೀರಾತಿಗೆ ಹಾಕಿದ ಪ್ರತಿ ರೂಪಾಯಿಗೆ ಬಂದ ಮಾರಾಟ, 4.1ರಿಂದ 4.6ಕ್ಕೆ ಏರಿತೆಂದು ನಾನು ಬೀಗುತ್ತಿದ್ದೆ. ಅದೇ ವಾರ ಅವರು ಬಂದು, ಸರಕಿನವರಿಗೆ ಕೊಡಲು ಹಣ ಸಾಲುತ್ತಿಲ್ಲ ಎಂದರು. ಬಾಡಿಗೆ, ಸಂಬಳಗಳ ಕಡೆಗೆ ಬೆರಳು ತೋರಿಸಿ ನಾನು ಜಾರಿಕೊಂಡೆ. ಆ ಜಾರಿಕೆಗೆ ಇನ್ನೂ ಎರಡು ತಿಂಗಳ ನಷ್ಟ ತೆತ್ತೆವು.

ಕೊನೆಗೆ ಒಂದು ರಾತ್ರಿ ಕುಳಿತು ಪ್ರತಿ ಸರಕಿನ ಉಳಿಕೆ ಬರೆದೆ. ಅಂಕಿಗಳು ನೆನಪಿನಿಂದ, ಸುಮಾರಾಗಿ. ಹೆಡ್‌ಫೋನ್ ಕೊಂಡ ಗ್ರಾಹಕ 100 ಕೊಟ್ಟನೆಂದುಕೊಳ್ಳಿ. ಜಾಹೀರಾತಿನ ಖಾತೆಗೆ ಹೋಗುವ ಮೌಲ್ಯ ಈ 100. ಅದರಲ್ಲಿ 15 ತೆರಿಗೆ ಮತ್ತು ಗ್ರಾಹಕನಿಂದ ಪಡೆದ ಸಾಗಣೆ ಶುಲ್ಕ. ಅದು ನಮ್ಮದಲ್ಲವೇ ಅಲ್ಲ. ಸರಕಿನ ಬೆಲೆ 55. ಪ್ಯಾಕಿಂಗ್‌ಗೆ ಮತ್ತು ಸಾಗಣೆಯಲ್ಲಿ ನಾವು ಕೈಯಿಂದ ಹಾಕುವುದು 8, ಪಾವತಿ ಶುಲ್ಕ 2, ಹಿಂದಿರುಗಿ ಬರುವ ಸರಕಿನಿಂದಾಗುವ ಪೆಟ್ಟು 5. ಉಳಿಯುವುದು 15. ಅಂದರೆ ಆ 100ನ್ನು ತರಲು ಜಾಹೀರಾತಿಗೆ 15ಕ್ಕಿಂತ ಹೆಚ್ಚು ಖರ್ಚಾದರೆ ಕೈ ಸುಡುತ್ತದೆ. ಬಿಡಿಭಾಗಗಳಲ್ಲಿ, ಅಂದರೆ ಕಿವಿಯ ಮೆತ್ತೆ, ಕೇಬಲ್, ಪೆಟ್ಟಿಗೆಗಳಲ್ಲಿ, ಇದೇ ರೀತಿ ಕಳೆದರೆ 45 ಉಳಿಯುತ್ತದೆ.

```
ಹೆಡ್‌ಫೋನ್:   100 / 15 = 6.7
ಬಿಡಿಭಾಗ:    100 / 45 = 2.2
```

ನಷ್ಟವೂ ಇಲ್ಲದ ಲಾಭವೂ ಇಲ್ಲದ ರೋಆಸ್ ಇವು. ನಾನಾದರೋ ಇಡೀ ಖಾತೆಗೆ 4 ಎಂಬ ಒಂದೇ ಗೆರೆ ಎಳೆದುಕೊಂಡಿದ್ದೆ. ಹೆಡ್‌ಫೋನ್ 5 ತರುತ್ತಿತ್ತು, ಹೊಗಳಿದೆ. ಬಿಡಿಭಾಗ 2.8 ತರುತ್ತಿತ್ತು, ಬೈದು ಬಜೆಟ್ ಕಿತ್ತುಕೊಂಡೆ. ದುಡಿಯುವ ಎತ್ತಿನ ಮೇವನ್ನು ತೆಗೆದು ಮಲಗಿದ ಎತ್ತಿನ ಮುಂದೆ ಸುರಿದಂತಾಯಿತು.

ಎಷ್ಟು ಕೆಟ್ಟಿತು ಎಂಬುದನ್ನೂ ಹೇಳಿಬಿಡುತ್ತೇನೆ. ಜಾಹೀರಾತಿನ ಒಟ್ಟು ಖರ್ಚು 100 ಪಾಲು ಎಂದಿಟ್ಟುಕೊಳ್ಳಿ. ಮೊದಲು 60 ಪಾಲು ಹೆಡ್‌ಫೋನ್‌ಗೆ ಹೋಗಿ 300ರ ಮಾರಾಟ, 40 ಪಾಲು ಬಿಡಿಭಾಗಕ್ಕೆ ಹೋಗಿ 112ರ ಮಾರಾಟ. ರೋಆಸ್ 4.1. ಹೆಡ್‌ಫೋನ್‌ನಲ್ಲಿ 15 ನಷ್ಟ, ಬಿಡಿಭಾಗದಲ್ಲಿ 10 ಲಾಭ, ಒಟ್ಟು ನಷ್ಟ 5ರ ಆಸುಪಾಸು. ನನ್ನ ‘ಸುಧಾರಣೆ’ಯ ನಂತರ 90 ಪಾಲು ಹೆಡ್‌ಫೋನ್‌ಗೆ ಹೋಗಿ 432, 10 ಪಾಲು ಬಿಡಿಭಾಗಕ್ಕೆ ಹೋಗಿ 32. ರೋಆಸ್ 4.6. ನಷ್ಟ ಮಾತ್ರ 21. ಇದರಲ್ಲಿ ಬಾಡಿಗೆಯೂ ಇಲ್ಲ, ಸಂಬಳವೂ ಇಲ್ಲ.

ನಾನೊಬ್ಬನೇ ತಪ್ಪಿತಸ್ಥನೂ ಅಲ್ಲ. ಮಾರಾಟದ ಮೊತ್ತವನ್ನೇ ಮೌಲ್ಯವೆಂದು ಕಳಿಸಿದರೆ ಸ್ವಯಂಚಾಲಿತ ಬಿಡ್ಡಿಂಗ್, ಅಂದರೆ ಪ್ರತಿ ಜಾಹೀರಾತಿಗೆ ಎಷ್ಟು ಕೂಗಬೇಕೆಂದು ತಾನೇ ನಿರ್ಧರಿಸುವ ವ್ಯವಸ್ಥೆ, ಅದನ್ನೇ ಹಿಗ್ಗಿಸುತ್ತದೆ. ದೊಡ್ಡ ಬೆಲೆಯ, ತೆಳು ಮಾರ್ಜಿನ್‌ನ ಸರಕು ಅದರ ಕಣ್ಣಿಗೆ ಚಿನ್ನ. ಅದಕ್ಕೆ ನಮ್ಮ ಖರೀದಿ ಬೆಲೆ ಗೊತ್ತಾಗುವುದಾದರೂ ಹೇಗೆ?

ಆಗ ಖಾತೆ ನಡೆಸುತ್ತಿದ್ದ ಏಜೆನ್ಸಿಯವರಿಗೆ, ಮೌಲ್ಯದ ಜಾಗದಲ್ಲಿ ಉಳಿಕೆಯನ್ನೇ ಕಳಿಸೋಣ ಎಂದೆ. “ಸರ್, ವರದಿಯಲ್ಲಿ ರೋಆಸ್ 1ಕ್ಕೆ ಬಿದ್ದುಬಿಡುತ್ತದೆ, ಯಾರಿಗೆ ತೋರಿಸುತ್ತೀರಿ?” ಎಂದು ಕೇಳಿದರು. ಪಾಲುದಾರರಿಗೆ ತೋರಿಸುತ್ತೇನೆ ಎಂದೆ. ಏಜೆನ್ಸಿಯವರು ಒಪ್ಪಲಿಲ್ಲ, ನಾನೇ ಕೈ ಹಾಕಿದೆ.

ಮೊದಲ ಪ್ರಯತ್ನ ಸುಲಭದ್ದು: ಜಾಹೀರಾತಿನ ಖಾತೆಗೆ ಕಳಿಸುವ ಸರಕಿನ ಪಟ್ಟಿಯಾದ ಫೀಡ್‌ನಲ್ಲಿ `custom_label_0`ಗೆ ಮಾರ್ಜಿನ್‌ನ ಮಟ್ಟ ಬರೆದು ಎರಡು ಕ್ಯಾಂಪೇನ್ ಮಾಡಿ, ಎರಡಕ್ಕೂ ಬೇರೆ ಬೇರೆ ಗುರಿ ಕೊಟ್ಟೆ. ರಕ್ತ ಸುರಿಯುವುದು ನಿಂತಿತು. ಆದರೆ ಹೆಡ್‌ಫೋನ್ ಜಾಹೀರಾತು ಕ್ಲಿಕ್ ಮಾಡಿ ಬಂದವನು ಪೆಟ್ಟಿಗೆಯನ್ನೂ ಕೊಂಡರೆ ಆ ಮಾರಾಟಕ್ಕೂ ಹೆಡ್‌ಫೋನ್‌ನ ತೆಳು ಲೆಕ್ಕವೇ ಅನ್ವಯವಾಗುತ್ತಿತ್ತು. ಬುಟ್ಟಿಯಲ್ಲಿ ಏನಿದೆ ಎಂಬುದು ಲೇಬಲ್‌ಗೆ ಕಾಣುವುದಿಲ್ಲ.

ಎರಡನೆಯದರಲ್ಲಿ ದುಡುಕಿದೆ. ಇದ್ದ ಕನ್ವರ್ಷನ್‌ನ, ಅಂದರೆ ಖಾತೆಯಲ್ಲಿ ದಾಖಲಾಗುವ ಖರೀದಿಯ, ಮೌಲ್ಯವನ್ನೇ ರಾತ್ರೋರಾತ್ರಿ ಉಳಿಕೆಗೆ ಬದಲಿಸಿದೆ. ಹಳೆಯ `Target ROAS` ಗುರಿಗಳನ್ನು ಹಾಗೆಯೇ ಬಿಟ್ಟೆ. ಮೌಲ್ಯ ಐದನೇ ಒಂದು ಪಾಲಿಗೆ ಇಳಿದಿದೆ, ಗುರಿ ಇದ್ದಲ್ಲೇ ಇದೆ. ಬಿಡ್ ಕುಸಿದು ಜಾಹೀರಾತು ಕಾಣಿಸುವುದೇ ನಿಂತಿತು. ಸುಮಾರು ಒಂಬತ್ತು ದಿನ ಹೋಯಿತು. ಸಾಲದ್ದಕ್ಕೆ, ಉಳಿಕೆಯ ಅಂಕಿಯನ್ನು ಖರೀದಿ ಮುಗಿದ ಪುಟದ ಕೋಡ್‌ನಲ್ಲೇ ಇಟ್ಟಿದ್ದೆ. ಬ್ರೌಸರ್‌ನಲ್ಲಿ ಇಣುಕುವ ಯಾವ ಪ್ರತಿಸ್ಪರ್ಧಿಯೂ ನಮ್ಮ ಮಾರ್ಜಿನ್ ಓದಬಹುದಿತ್ತು!

ಮೂರನೆಯದು ಫಲಿಸಿತು. ಹೊಸ ಕನ್ವರ್ಷನ್ ಆಕ್ಷನ್ ಮಾಡಿ, ಬಿಡ್ಡಿಂಗ್ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಂತೆ `Secondary` ಎಂದು ಇಟ್ಟು, ನಾಲ್ಕು ವಾರ ಅಂಕಿ ಸೇರಲು ಬಿಟ್ಟೆ. ಉಳಿಕೆಯ ಲೆಕ್ಕ ನಡೆಯುವುದು ನಮ್ಮ ಸರ್ವರ್‌ನಲ್ಲಿ. ಬುಟ್ಟಿಯ ಪ್ರತಿ ಸರಕಿನ ಉಳಿಕೆ ಕೂಡಿ, ಕೂಪನ್ ಕಳೆದು, ಒಂದೇ ಸಂಖ್ಯೆ ಹೊರಗೆ ಹೋಗುತ್ತದೆ. ಆ ಸಂಖ್ಯೆಯನ್ನು ಯಾವ ಗುಣಕದಿಂದ ಮರೆಮಾಚುತ್ತೇವೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಕ್ಷಮಿಸಿ. ಹಿಂದಿರುಗಿದ ಸರಕಿನ ಮೌಲ್ಯವನ್ನು ವಾರಕ್ಕೊಮ್ಮೆ ತಿದ್ದಿ ಕಳಿಸುತ್ತೇವೆ. ಆದ್ದರಿಂದ ಆ 5ರ ಅಂದಾಜು ಲೆಕ್ಕದಲ್ಲಿ ಮತ್ತೆ ಬರಬಾರದು. ಎರಡು ಬಾರಿ ಕಳೆದು ನಾನು ಹತ್ತು ದಿನ ತಲೆ ಕೆರೆದುಕೊಂಡಿದ್ದೇನೆ. ನಾಲ್ಕು ವಾರದ ನಂತರ ಹೊಸ ಆಕ್ಷನ್ ಅನ್ನು ಬಿಡ್ಡಿಂಗ್ ಬಳಸುವಂತೆ `Primary` ಮಾಡಿ, ಗುರಿಯನ್ನು ಮೊದಲು ಆಗ ಬರುತ್ತಿದ್ದ ಮಟ್ಟಕ್ಕೇ, ಆಮೇಲೆ ಮೆಲ್ಲಗೆ 115%ಗೆ ತಂದೆ. ಗುಣಕವನ್ನು ತೆಗೆದು ನೋಡಿದರೆ, ಇಲ್ಲಿ 100% ಎಂದರೆ ಹಾಕಿದ್ದು ಹಾಕಿದಷ್ಟೇ ಮರಳಿತು ಎಂದರ್ಥ.

ಎರಡು ತಿಂಗಳಲ್ಲಿ ಬಜೆಟ್ ತಾನಾಗಿ ಸರಿಯಿತು: 25 ಪಾಲು ಹೆಡ್‌ಫೋನ್‌ಗೆ ಹೋಗಿ 180, 75 ಪಾಲು ಬಿಡಿಭಾಗಕ್ಕೆ ಹೋಗಿ 195. ಹಳೆಯ ಲೆಕ್ಕದ ರೋಆಸ್ 3.75ಕ್ಕೆ ಇಳಿಯಿತು, ಲಾಭ 15ರ ಹತ್ತಿರ ನಿಂತಿತು. ಏಜೆನ್ಸಿಯವರು ಈಗ ಈ ಲೆಕ್ಕವನ್ನು ತಮ್ಮ ಬೇರೆ ಗ್ರಾಹಕರಿಗೆ ತೋರಿಸುತ್ತಿದ್ದಾರೆಂದು ಕೇಳಿದೆ.

ಹುಮ್ಮಸ್ಸಿನಲ್ಲಿ ಬಿಡಿಭಾಗದ ಖರ್ಚನ್ನು ಇನ್ನೂ ಹದಿನೈದು ಪಾಲು ಏರಿಸಿ ನೋಡಿದೆ. ಸರಾಸರಿ 2.5ರ ಸುತ್ತ ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ಹೆಚ್ಚಿಗೆ ಹಾಕಿದ ಹದಿನೈದಕ್ಕೆ ಹೆಚ್ಚಿಗೆ ಬಂದ ಮಾರಾಟ ಮೂವತ್ತು ಮಾತ್ರ, ಅಂದರೆ 2. ಸಮದ ಗೆರೆ 2.2 ಇರುವಾಗ ಆ ಕೊನೆಯ ಪಾಲು ನಷ್ಟದ್ದೇ. ಅಲ್ಲಿಗೆ ಹಿಂದೆ ಸರಿದೆ.

ಇನ್ನೊಂದು ಪ್ರಯೋಗ ಕೂಪನ್‌ನದು. ಹೆಡ್‌ಫೋನ್‌ಗೆ ಶೇ. 10 ರಿಯಾಯಿತಿ ಕೊಟ್ಟ ವಾರ ರೋಆಸ್ 6 ದಾಟಿತು, ಎಲ್ಲರೂ ಖುಷಿ. ಆದರೆ ಗ್ರಾಹಕ ಕೊಡುವುದು 90 ಆದಾಗ ನಮ್ಮ ಉಳಿಕೆ 15ರಿಂದ 6–7ಕ್ಕೆ ಇಳಿಯುತ್ತದೆ. ಸಮವಾಗಲು 13–14ರ ರೋಆಸ್ ಬೇಕು. ಮೂರನೇ ದಿನವೇ ನಿಲ್ಲಿಸಬೇಕಿತ್ತು, ಏಳು ದಿನ ಬಿಟ್ಟೆ. ಅದೇ ರಿಯಾಯಿತಿಯನ್ನು ಹೆಡ್‌ಫೋನ್ ಜೊತೆ ಕೊಳ್ಳುವ ಪೆಟ್ಟಿಗೆಯ ಬೆಲೆಯಲ್ಲಿ ಕೊಟ್ಟಾಗ ಎರಡೂ ಒಂದೇ ಪೊಟ್ಟಣದಲ್ಲಿ ಹೋದವು, ಪೆಟ್ಟಿಗೆಯ ಸಾಗಣೆ ಖರ್ಚು ಉಳಿದು ರಿಯಾಯಿತಿಯನ್ನು ಹೆಚ್ಚುಕಡಿಮೆ ಅದೇ ತುಂಬಿಕೊಟ್ಟಿತು. ಆ ಕೂಪನ್ ಈಗಲೂ ಓಡುತ್ತಿದೆ.